ಉದ್ರಿ ಪುಸ್ತಕ ತೋರಿಸಿ ಎಂದು ಕೇಳುವ ಮೊದಲು

ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕ ಇಡುವ ಬಗೆಯನ್ನು ತಿಳಿಯಲು ಹುಬ್ಬಳ್ಳಿಯಲ್ಲಿ ಆರು ಮಂದಿಯನ್ನು ಸಂದರ್ಶಿಸಬೇಕಿತ್ತು. ಲೆಕ್ಕದ ಆ್ಯಪ್ ಒಂದರ ವಿನ್ಯಾಸಕ್ಕಾಗಿ ಮಾಡುತ್ತಿದ್ದ ಸಂಶೋಧನೆ ಅದು. ಮೊದಲ ಸಂದೇಶದಲ್ಲಿ ‘ನಿಮಗೆ ಯಾವಾಗ ಬಿಡುವಿರುತ್ತದೆ?’ ಎಂದು ಕೇಳಿದೆ. ಹತ್ತು ಜನರಲ್ಲಿ ಇಬ್ಬರು ಮಾತ್ರ ಉತ್ತರಿಸಿದರು, ಅದೂ ‘ನೋಡೋಣ’ ಎಂದು.

ಗಿರಾಕಿ ಬಾರದ ಹೊತ್ತೇ ಅಂಗಡಿಯವರಿಗೆ ಬಿಡುವು. ಅದನ್ನು ಮುಂಚೆಯೇ ಹೇಳಿ ಎಂದರೆ ಅವರು ಏನು ಹೇಳಿಯಾರು? ಒಂದು ದಿನ ಅಂಗಡಿಯೊಂದರ ಎದುರು ಕುಳಿತು ನೋಡಿದೆ. ಬೆಳಗ್ಗೆ ಹಾಲು, ಬ್ರೆಡ್ಡಿನ ಗದ್ದಲ. ಸಂಜೆ ಆರರಿಂದ ಮತ್ತೆ ಜನ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಸ್ಟೂಲಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದರು. ಸಂಬಳ ಬಂದವರು ಹಳೆಯ ಬಾಕಿ ತೀರಿಸಿ ತಿಂಗಳ ಸಾಮಾನು ಒಯ್ಯುವ ಮೊದಲ ವಾರವನ್ನೂ ಬಿಟ್ಟೆ. ಎರಡನೆಯ ಸಂದೇಶ ಹೀಗಿತ್ತು:

‘ನಮಸ್ಕಾರ ಅಣ್ಣಾವ್ರೇ. ಉದ್ರಿ ಲೆಕ್ಕದ ಬಗ್ಗೆ ನಿಮ್ಮ ಅಂಗಡಿಯಲ್ಲೇ 40 ನಿಮಿಷ ಮಾತನಾಡಬೇಕಿದೆ. ಮಂಗಳವಾರ ಮಧ್ಯಾಹ್ನ 2:30, ಬುಧವಾರ 3:00, ಗುರುವಾರ ಅಂಗಡಿ ಮುಚ್ಚಿದ ಮೇಲೆ ರಾತ್ರಿ 9:15, ಯಾವುದು ಅನುಕೂಲ? ಯಾವುದೂ ಆಗದಿದ್ದರೆ ನೀವೇ ಹೊತ್ತು ಹೇಳಿ. ನಿಮ್ಮ ಸಮಯಕ್ಕೆ 500 ರೂಪಾಯಿ ಕೊಡುತ್ತೇವೆ. ಮಾರಾಟಕ್ಕೆ ಏನನ್ನೂ ತರುವುದಿಲ್ಲ.’

ಇದಕ್ಕೆ ಎಂಟು ಮಂದಿ ಒಪ್ಪಿದರು. ಎಂಟೂ ಜನರ ಹೆಸರು ಬರೆದುಕೊಂಡೆ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಮದುವೆಯೋ ಸರಕಿನ ಲಾರಿಯೋ ಬಂದು ಒಬ್ಬಿಬ್ಬರು ತಪ್ಪಿಯೇ ತಪ್ಪುತ್ತಾರೆ.

ಒಪ್ಪಿಗೆ ಪತ್ರ ಒಂದೇ ಪುಟ, ಕನ್ನಡದಲ್ಲಿ. ಮಾತನ್ನು ಧ್ವನಿಮುದ್ರಿಸುತ್ತೇವೆ, ನಮ್ಮ ತಂಡದ ಮೂವರು ಮಾತ್ರ ಕೇಳುತ್ತಾರೆ, ಮೂರು ತಿಂಗಳಲ್ಲಿ ಅಳಿಸುತ್ತೇವೆ, ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು, ಆಗಲೂ ಹಣ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎನ್ನುತ್ತದೆ. ಹಾಗಾಗಿ ನಮ್ಮ ಫೋನ್ ಸಂಖ್ಯೆಯನ್ನು ಪತ್ರದಲ್ಲೇ ಬರೆದು, ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಸಹಿಗೆ ಮೊದಲು ಗಟ್ಟಿಯಾಗಿ ಓದಿಯೂ ಹೇಳಿದೆ.

ಆದರೂ ಒಂದು ವಿಷಯ ಬಿಟ್ಟುಹೋಗಿತ್ತು. ಮೊದಲ ಅಂಗಡಿಯವರು ಪುಸ್ತಕ ತೆರೆದರು. ನಾನು ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಅವರು ಪುಟದ ಮೇಲೆ ಅಂಗೈ ಇಟ್ಟು, ‘ನನ್ನ ಲೆಕ್ಕ ತೋರಿಸುತ್ತೇನೆ, ಓಣಿಯವರ ಸಾಲ ತೋರಿಸಲಾರೆ’ ಎಂದರು. ಒಪ್ಪಿಗೆ ಕೊಟ್ಟವರು ಅವರು. ಪುಟದ ಮೇಲಿದ್ದ ಹೆಸರುಗಳ ಜನ ಏನನ್ನೂ ಒಪ್ಪಿರಲಿಲ್ಲ. ಅಂದಿನಿಂದ ದಪ್ಪ ರಟ್ಟಿನ ಪಟ್ಟಿಯೊಂದನ್ನು ಒಯ್ಯುತ್ತೇನೆ. ಹೆಸರಿನ ಕಾಲಮ್ಮನ್ನು ಅವರೇ ಮುಚ್ಚುತ್ತಾರೆ, ಆಮೇಲೆ ಫೋಟೊ. ಪತ್ರಕ್ಕೂ ಆ ಸಾಲು ಸೇರಿತು.

ಐನೂರು ರೂಪಾಯಿಯನ್ನು ನಾನು ಮಾತು ಶುರುವಾಗುವ ಮೊದಲೇ ಲಕೋಟೆಯಲ್ಲಿ ಕೊಡುತ್ತೇನೆ. ಕೊನೆಗೆ ಕೊಡುತ್ತೇವೆಂದರೆ ಕೆಲವರು ನಮಗೆ ಹಿತವಾದ ಉತ್ತರ ಹುಡುಕತೊಡಗುತ್ತಾರೆ. ಮೊತ್ತ ತೀರಾ ದೊಡ್ಡದಾದರೆ ಉದ್ರಿಯನ್ನೇ ಕೊಡದವರೂ ಕೊಡುತ್ತೇವೆಂದು ಬರುತ್ತಾರೆ. ಅದಕ್ಕಾಗಿ ಆಯ್ಕೆಯ ಕರೆಯಲ್ಲಿ ‘ಉದ್ರಿ ಕೊಡುತ್ತೀರಾ?’ ಎಂದು ಕೇಳದೆ, ‘ಕಳೆದ ವಾರ ಹಣ ಕೊಡದೆ ಸಾಮಾನು ಒಯ್ದವರದನ್ನು ಎಲ್ಲಿ ಬರೆದಿರಿ?’ ಎಂದು ಕೇಳುತ್ತೇನೆ. ನಿಜವಾಗಿ ಕೊಡುವವರು ತಡವರಿಸುವುದಿಲ್ಲ: ಕೆಂಪು ಡೈರಿ, ಕ್ಯಾಲೆಂಡರಿನ ಹಿಂಬದಿ, ಸಿಗರೇಟು ಪ್ಯಾಕಿನ ರಟ್ಟು.