ವಾಟ್ಸ್ಆ್ಯಪ್‌ನ ಜೋಡಿ ಸಾಧನಗಳು ತಾವಾಗಿಯೇ ಲಾಗ್ಔಟ್ ಆಗುವುದೇಕೆ?

2015ರ ಜನವರಿಯಲ್ಲಿ ವಾಟ್ಸ್ಆ್ಯಪ್ ವೆಬ್ ಬಂದಾಗ ಕಂಪ್ಯೂಟರಿನಲ್ಲಿ ಕಾಣುತ್ತಿದ್ದುದು ಫೋನಿನ ಪ್ರತಿಬಿಂಬ ಮಾತ್ರ. ಸಂದೇಶಗಳು ಬಂದು ಬಿಚ್ಚಿಕೊಳ್ಳುತ್ತಿದ್ದುದು ಫೋನಿನಲ್ಲೇ ಆದ್ದರಿಂದ, ಅದರ ಚಾರ್ಜ್ ಮುಗಿದರೆ ಅಥವಾ ನೆಟ್‌ವರ್ಕ್ ಹೋದರೆ ಕಂಪ್ಯೂಟರಿನ ಪರದೆಯೂ ಸ್ತಬ್ಧವಾಗುತ್ತಿತ್ತು.

2021ರ ಜುಲೈನಲ್ಲಿ ಕಂಪನಿ ಪ್ರಯೋಗಕ್ಕೆ ಬಿಟ್ಟ ಹೊಸ ವ್ಯವಸ್ಥೆಯಲ್ಲಿ ಪ್ರತಿ ಸಾಧನಕ್ಕೂ ಸಂದೇಶಗಳನ್ನು ಮುಚ್ಚಿ ಬಿಚ್ಚಲು ತನ್ನದೇ ಗೂಢಲಿಪಿ ಕೀಲಿ ದೊರೆಯಿತು. ಫೋನ್ ಆಫ್ ಆಗಿದ್ದರೂ ಕಂಪ್ಯೂಟರ್ ಕೆಲಸ ಮಾಡುತ್ತಿತ್ತು. ಆದರೆ ಮೂಲ ಫೋನಿನ ಜೊತೆಗೆ ಖಾತೆಗೆ ಜೋಡಿಸಬಹುದಾದ ಸಾಧನಗಳು ನಾಲ್ಕೇ. ಈ ವ್ಯವಸ್ಥೆಯಲ್ಲಿ ಸಾಧನ ಹೆಚ್ಚಿದಷ್ಟೂ ಕೆಲಸ ಹೆಚ್ಚುತ್ತದೆ. ನಿಮ್ಮ ಬಳಿ ಒಂದು ಫೋನ್ ಮತ್ತು ಎರಡು ಕಂಪ್ಯೂಟರ್, ಗೆಳೆಯನ ಬಳಿ ಒಂದು ಫೋನ್ ಮತ್ತು ಮೂರು ಜೋಡಿ ಸಾಧನ ಇವೆಯೆನ್ನೋಣ. ನೀವು ಫೋನಿನಿಂದ ‘ಊಟ ಆಯ್ತಾ’ ಎಂದು ಕಳುಹಿಸಿದರೆ, ಆತನ ನಾಲ್ಕು ಸಾಧನಗಳಿಗೂ ನಿಮ್ಮದೇ ಎರಡು ಕಂಪ್ಯೂಟರುಗಳಿಗೂ ಸೇರಿ ಆರು ಪ್ರತಿಗಳನ್ನು ನಿಮ್ಮ ಫೋನ್ ಬೇರೆ ಬೇರೆ ಕೀಲಿಗಳಿಂದ ಮುಚ್ಚಿ ಕಳುಹಿಸಬೇಕು. 2023ರ ಏಪ್ರಿಲ್‌ನಲ್ಲಿ ಇತರ ಫೋನುಗಳನ್ನೂ ಜೋಡಿಸಲು ಅವಕಾಶ ಸಿಕ್ಕಿತಾದರೂ ನಾಲ್ಕರ ಮಿತಿ ಹಾಗೆಯೇ ಉಳಿಯಿತು.

ಹೀಗಿದ್ದೂ ಮೂಲ ಫೋನಿನ ಯಜಮಾನಿಕೆ ತಪ್ಪಲಿಲ್ಲ. ಯಾವ ಸಾಧನ ಖಾತೆಗೆ ಸೇರಿದ್ದೆಂದು ದೃಢೀಕರಿಸುವುದು ಅದೇ. ಅದನ್ನು 14 ದಿನಗಳಿಗಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಿ ಸಾಧನಗಳೆಲ್ಲ ಲಾಗ್ಔಟ್ ಆಗುತ್ತವೆ. ಫೋನ್ ಕಳೆದುಹೋದ ಮೇಲೂ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇರುವುದು ಅಪಾಯವಾದ್ದರಿಂದ ಈ ಕಟ್ಟುಪಾಡು ನನಗೆ ಸರಿಯೆನಿಸುತ್ತದೆ. ಹೊಸ ಫೋನಿನಲ್ಲಿ ಖಾತೆಯನ್ನು ಮತ್ತೆ ನೋಂದಾಯಿಸಿದಾಗಲೂ ಸಾಧನಗಳನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ.

ಎಲ್ಲವೂ ಒಮ್ಮೆಗೇ ಹೊರಬಿದ್ದರೆ ಮೊದಲು ಫೋನಿನತ್ತ ನೋಡಬೇಕು. ಒಂದೇ ಬ್ರೌಸರ್ ಹೊರಬಿದ್ದಿದ್ದರೆ, ಅದರಲ್ಲಿದ್ದ ಕೀಲಿ ಅಳಿಸಿಹೋಗಿರುವ ಸಂಭವವೇ ಹೆಚ್ಚು: ಸೈಟ್ ಡೇಟಾ ಅಳಿಸಿದರೆ ಅಥವಾ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗಿ ಅದನ್ನು ಮುಚ್ಚಿದರೆ ಹೀಗಾಗುತ್ತದೆ. ತಮಾಷೆಯೆಂದರೆ, ಕೀಲಿ ಹೋದರೂ ಫೋನಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಹಳೆಯ ಹೆಸರು ಉಳಿದು ನಾಲ್ಕರಲ್ಲೊಂದು ಜಾಗವನ್ನು ಹಿಡಿದುಕೊಂಡಿರಬಹುದು. ಪ್ರತಿ ಹೆಸರಿನ ಕೆಳಗೆ ಕೊನೆಯ ಬಾರಿ ಸಕ್ರಿಯವಾಗಿದ್ದ ಸಮಯ ಇರುತ್ತದೆ. ಬಹಳ ಹಿಂದಿನದನ್ನು ಮುಟ್ಟಿ ಲಾಗ್ಔಟ್ ಮಾಡಿದರೆ ಜಾಗ ತೆರವಾಗುತ್ತದೆ.

ಭಾರತದಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಸಂದೇಶ ಆ್ಯಪ್‌ಗಳಿಗೆ ನಿರ್ದೇಶನ ಹೊರಡಿಸಿ, ನೋಂದಾಯಿತ ಸಿಮ್ ಫೋನಿನಲ್ಲಿದ್ದರಷ್ಟೇ ಆ್ಯಪ್ ನಡೆಯುವಂತೆಯೂ, ವೆಬ್ ಆವೃತ್ತಿ ಆರು ಗಂಟೆಗೊಳಗೆ ಲಾಗ್ಔಟ್ ಆಗಿ ಮತ್ತೆ ಕ್ಯೂಆರ್ ಕೋಡ್ ಕೇಳುವಂತೆಯೂ 90 ದಿನಗಳಲ್ಲಿ ಏರ್ಪಾಡು ಮಾಡಬೇಕೆಂದು ಸೂಚಿಸಿತು. ವಿದೇಶದಲ್ಲಿ ಕುಳಿತು ಭಾರತದ ಸಂಖ್ಯೆಗಳಿಂದ ನಡೆಸುವ ವಂಚನೆಯನ್ನು ತಡೆಯುವುದು ಇಲಾಖೆಯ ಉದ್ದೇಶ. ಆದರೆ ಬೆಳಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದು ಗಿರಾಕಿಗಳ ಆರ್ಡರ್ ಬರೆದುಕೊಳ್ಳುವ ಅಂಗಡಿಯಲ್ಲಿ ಈ ನಿಯಮದಂತೆ ಮಧ್ಯಾಹ್ನ ಮೂರರೊಳಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕಾಗುತ್ತದೆ, ಮತ್ತು ಆ ಹೊತ್ತಿಗೆ ಮೂಲ ಫೋನ್ ಮಾಲೀಕರ ಜೇಬಿನಲ್ಲಿ ಬೇರೆ ಊರಿನಲ್ಲಿದ್ದರೆ ಅವರು ಹಿಂದಿರುಗುವವರೆಗೆ ಕಾಯಬೇಕು.