ಅಲೈನ್‌ಮೆಂಟ್ ಹಾಳೆಯಲ್ಲಿ ಎರಡು ಕಾಲಂ

ನಮ್ಮ ಕಾರಿನ ಮುಂದಿನ ಎಡಗಡೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು, ಸವೆದು ಲೊಡಲೊಡ ಅನ್ನುತ್ತಿತ್ತು. ಅದನ್ನು ಬದಲಾಯಿಸಿಕೊಂಡು ಗ್ಯಾರೇಜಿನಿಂದ ಹೊರಟಾಗ ಶಬ್ದ ಹೋಗಿತ್ತು. ಆದರೆ ರಸ್ತೆ ನೇರ ಇದ್ದರೂ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಕೊಂಡೇ ಇರುತ್ತಿತ್ತು. ಗಾಡಿ ಎಲ್ಲೂ ಎಳೆಯುತ್ತಿರಲಿಲ್ಲ, ನೆಟ್ಟಗೆ ಹೋಗುತ್ತಿತ್ತು. ಸ್ಟೀರಿಂಗ್ ಮಾತ್ರ ಸೊಟ್ಟ.

ಕೆಲವು ವಾರ ಹಾಗೇ ಓಡಿಸಿ, ಆಮೇಲೆ ಬೇರೆ ಕಡೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಕೊನೆಗೆ ಒಂದು ಹಾಳೆ ಕೈಗೆ ಬಂತು. ಎಡ ಕಾಲಂನಲ್ಲಿ ಮಿತಿ ಮೀರಿದ ಕೆಂಪು ಅಂಕಿಗಳು, ಬಲ ಕಾಲಂನಲ್ಲಿ ಹೆಚ್ಚಿನವು ಹಸಿರು. ಹೆಚ್ಚಿನವರು ಹಸಿರು ಕಂಡ ತಕ್ಷಣ ಹಾಳೆಯನ್ನು ಮಡಚಿ ಡ್ಯಾಶ್‌ಬೋರ್ಡಿನ ಖಾನೆಗೆ ಹಾಕುತ್ತಾರೆ. ಆ ಹಾಳೆಯಲ್ಲಿ ಗಾಡಿಯ ಕಥೆಯೇ ಇರುತ್ತದೆ. ಓದೋದು ಕಷ್ಟವೂ ಅಲ್ಲ.

ನಮ್ಮ ಹಾಳೆಯಿಂದ ಐದೇ ಸಾಲು ಇಲ್ಲಿವೆ:

```
                Before     After
Left Camber     -0°20'    -0°22'
Right Camber    -0°25'    -0°24'
Left Toe        -0°32'    +0°02'
Right Toe       +0°04'    +0°02'
Total Toe       -0°28'    +0°04'
```

ಮೊದಲು ಅಳತೆ ನೋಡೋಣ. ಒಂದು ಡಿಗ್ರಿಯಲ್ಲಿ 60 ಮಿನಿಟ್. ಇದು ಗಡಿಯಾರದ ಮಿನಿಟ್ ಅಲ್ಲ, ಕೋನದ ಮಿನಿಟ್. ಹಾಗಾಗಿ 0°30' ಅಂದರೆ ಅರ್ಧ ಡಿಗ್ರಿ. ಕೆಲವು ಮೆಷಿನ್‌ಗಳು ಮಿನಿಟ್ ಬಿಟ್ಟು ದಶಮಾಂಶದಲ್ಲಿ ಬರೆಯುತ್ತವೆ. ಅಲ್ಲಿ 0.30° ಅಂದರೆ ಬರೀ 18 ಮಿನಿಟ್. ಎರಡು ವರ್ಕ್‌ಶಾಪಿನ ಹಾಳೆಗಳನ್ನು ಪಕ್ಕದಲ್ಲಿಟ್ಟು ಹೋಲಿಸುವಾಗ ಜನ ಎಡವೋದು ಜಾಸ್ತಿ ಇಲ್ಲೇ.

ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮೂತಿ ಯಾವ ಕಡೆಗಿದೆ ಅನ್ನೋದು. ನಿಮ್ಮ ಎರಡು ಪಾದಗಳನ್ನೇ ನೋಡಿಕೊಳ್ಳಿ. ಹೆಬ್ಬೆರಳುಗಳು ಒಂದರ ಕಡೆಗೊಂದು ತಿರುಗಿದ್ದರೆ ಅದು ಟೋ ಇನ್, ಹಾಳೆಯಲ್ಲಿ ಪ್ಲಸ್. ಹೊರಕ್ಕೆ ತಿರುಗಿದ್ದರೆ ಟೋ ಔಟ್, ಮೈನಸ್. ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನೋದು. ತಲೆ ಒಳಕ್ಕೆ ವಾಲಿದ್ದರೆ ಮೈನಸ್.

ಈಗ Before ಕಾಲಂ ಓದೋಣ. ಈ ಕಾರಿಗೆ ಎರಡೂ ಚಕ್ರ ಸೇರಿ ಟೋ ಮೈನಸ್ 10 ಮಿನಿಟ್‌ನಿಂದ ಪ್ಲಸ್ 10 ಮಿನಿಟ್ ಒಳಗಿರಬೇಕು ಅಂತ ಹಾಳೆಯಲ್ಲೇ ಇತ್ತು. ನಮ್ಮದು ಮೈನಸ್ 28. ಬಲ ಚಕ್ರ ಮಿತಿಯ ಒಳಗೇ ಇತ್ತು. ಎಡ ಚಕ್ರ ಒಂದೇ ಮೈನಸ್ 32, ಅಂದರೆ ಅರ್ಧ ಡಿಗ್ರಿಗಿಂತ ಜಾಸ್ತಿ ಹೊರಕ್ಕೆ ತಿರುಗಿತ್ತು. ಹಾಗಾದರೆ ಎಡಗಡೆ ಟೈರ್ ಮಾತ್ರ ಸವೆಯಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಳಗೆ ಕೂತು ನೋಡಿದರೆ ಎರಡೂ ಟೈರುಗಳ ಒಳ ಅಂಚು ಹೆಚ್ಚೂ ಕಡಿಮೆ ಒಂದೇ ಥರ ಸವೆದಿತ್ತು.

ಕಾರಣ ಇಷ್ಟು. ಮೆಷಿನ್ ಅಳೆಯುವಾಗ ಸ್ಟೀರಿಂಗನ್ನು ನಡುವಿಗೆ ತಂದು ಕ್ಲ್ಯಾಂಪ್ ಹಾಕಿ ಕದಲದಂತೆ ಹಿಡಿದಿರುತ್ತಾರೆ. ರಸ್ತೆಯಲ್ಲಿ ಆ ಕ್ಲ್ಯಾಂಪ್ ಇಲ್ಲ. ಎರಡು ಮುಂದಿನ ಚಕ್ರಗಳೂ ಸ್ಟೀರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿಯುವ ಒಂದೇ ರ್‍ಯಾಕ್‌ಗೆ ಕಟ್ಟಿಕೊಂಡಿವೆ. ಎಡ ಚಕ್ರ 32 ಮಿನಿಟ್ ಎಡಕ್ಕೆ ನೋಡುತ್ತಿದೆ. ಬಲ ಚಕ್ರದ ಪ್ಲಸ್ 4 ಅಂದರೆ ಒಳಕ್ಕೆ, ಅಂದರೆ ಅದೂ 4 ಮಿನಿಟ್ ಎಡಕ್ಕೇ ನೋಡುತ್ತಿದೆ. ಸರಾಸರಿ 18 ಮಿನಿಟ್ ಎಡಕ್ಕೆ. ಗಾಡಿ ನೇರ ಹೋಗಬೇಕಾದರೆ ಎರಡೂ ಚಕ್ರಗಳನ್ನು ಒಟ್ಟಿಗೆ 18 ಮಿನಿಟ್ ಬಲಕ್ಕೆ ತಿರುಗಿಸಬೇಕು. ನಮಗೆ ಗೊತ್ತಿಲ್ಲದೆಯೇ ನಮ್ಮ ಕೈ ಆ ಕೆಲಸ ಮಾಡುತ್ತದೆ. ಹಾಗೆ ತಿರುಗಿಸಿದ ಮೇಲೆ ಎಡಗಡೆ ಮೈನಸ್ 14, ಬಲಗಡೆಯೂ ಮೈನಸ್ 14. ತಪ್ಪು ಒಂದೇ ಕಡೆಯದು, ಆದರೆ ಎರಡೂ ಟೈರ್ ಅದನ್ನು ಸಮ ಪಾಲು ಮಾಡಿಕೊಂಡವು.

ಸ್ಟೀರಿಂಗ್ ಎಷ್ಟು ಸೊಟ್ಟ ಕಾಣುತ್ತದೆ ಅಂತಲೂ ಇದರಿಂದಲೇ ಲೆಕ್ಕ ಹಾಕಬಹುದು. ಇಂಥ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಸುಮಾರು 16 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುತ್ತದೆ. 18 ಮಿನಿಟ್‌ನ 16 ಪಟ್ಟು 288 ಮಿನಿಟ್. ಅಂದರೆ 5 ಡಿಗ್ರಿಗೆ ಸ್ವಲ್ಪ ಕಡಿಮೆ. ಮೆಷಿನ್ ಇಲ್ಲದೆ ನನ್ನ ಕಣ್ಣಿಗೆ ಕಂಡಿದ್ದು ಇದೇ 5 ಡಿಗ್ರಿ.

ಹಾಗಾಗಿ ಹಾಳೆಯಲ್ಲಿ ಟೋ ಸಾಲುಗಳನ್ನು ಎರಡು ಬೇರೆ ಪ್ರಶ್ನೆಗೆ ಉತ್ತರ ಅಂತ ಓದಬೇಕು. ಮುಂದಿನ ಟೈರ್ ಸವೆಯುತ್ತದಾ ಅನ್ನೋದಕ್ಕೆ Total Toe ನೋಡಿ. ಸ್ಟೀರಿಂಗ್ ನೆಟ್ಟಗಿರುತ್ತದಾ ಅನ್ನೋದಕ್ಕೆ ಎಡ, ಬಲ ಎರಡೂ ಸಮ ಇವೆಯಾ ನೋಡಿ. ಒಟ್ಟು ಟೋ ಹಸಿರಿದ್ದೂ ಎಡಬಲ ಸಮ ಇಲ್ಲದಿದ್ದರೆ, ಟೈರ್ ಚೆನ್ನಾಗೇ ಇರುತ್ತದೆ, ಸ್ಟೀರಿಂಗ್ ಮಾತ್ರ ಸೊಟ್ಟ ಉಳಿಯುತ್ತದೆ.

14 ಮಿನಿಟ್ ಅಂದರೆ ಕಾಲು ಡಿಗ್ರಿಯೂ ಇಲ್ಲ. ಅದಕ್ಕೆ ಟೈರ್ ಯಾಕೆ ಸವೆಯಬೇಕು? ಚಕ್ರ ನೋಡುವ ದಿಕ್ಕು ಒಂದು, ಗಾಡಿ ಹೋಗುವ ದಿಕ್ಕು ಇನ್ನೊಂದು. 14 ಮಿನಿಟ್ ವ್ಯತ್ಯಾಸ ಇದ್ದರೆ ಪ್ರತಿ ಕಿಲೋಮೀಟರಿಗೆ ಆ ಚಕ್ರ ಲೆಕ್ಕದ ಪ್ರಕಾರ 4 ಮೀಟರ್ ಅಡ್ಡಕ್ಕೆ ಸರಿಯಬೇಕು. ಒಂದಷ್ಟನ್ನು ರಬ್ಬರ್ ಬಾಗಿ, ಮತ್ತೆ ಸೆಟೆದು ತಡೆದುಕೊಳ್ಳುತ್ತದೆ. ಉಳಿದದ್ದು ರಸ್ತೆಗೆ ಉಜ್ಜಿಕೊಂಡು ಹೋಗುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಸವರಿ ನೋಡಿದರೆ ಇದು ಗೊತ್ತಾಗುತ್ತದೆ. ನಮ್ಮ ಟೈರನ್ನು ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಾಗೆ ತರಿತರಿ. ಟೋ ಔಟ್ ಇದ್ದರೆ ಹೀಗೆ. ಟೋ ಇನ್ ಇದ್ದರೆ ಉಲ್ಟಾ.

ಇನ್ನು After ಕಾಲಂ. ಎಡ ಟೋ ಮೈನಸ್ 32ರಿಂದ ಪ್ಲಸ್ 2ಕ್ಕೆ ಬಂತು, ಒಟ್ಟು 34 ಮಿನಿಟ್ ಬದಲಾವಣೆ. ಮೆಕ್ಯಾನಿಕ್ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಡ ಟೈ ರಾಡಿನ ಲಾಕ್ ನಟ್ ಸಡಿಲ ಮಾಡಿ, ಸ್ಪ್ಯಾನರ್ ಹಾಕಿ ರಾಡನ್ನು ಮೆಲ್ಲಗೆ ತಿರುಗಿಸಿದರು. ಒಂದು ಸುತ್ತೂ ಪೂರ್ತಿ ಆಗಲಿಲ್ಲ. ಪರದೆಯ ಮೇಲೆ ಮುಳ್ಳು ಹಸಿರಿಗೆ ಬಂತು. ಲಾಕ್ ನಟ್ ಬಿಗಿ ಮಾಡಿ ಮತ್ತೊಮ್ಮೆ ಪರದೆ ನೋಡಿದರು. ನಟ್ ಬಿಗಿಯುವಾಗ ರಾಡ್ ಚೂರು ತಿರುಗಿಬಿಡುತ್ತದೆ, ಹಾಗಾಗಿ ಬಿಗಿದ ಮೇಲೆ ನೋಡಿದ ಅಂಕಿಯೇ ನಿಜವಾದದ್ದು.

ಈ ಮುಕ್ಕಾಲು ಸುತ್ತಿನಲ್ಲೇ ನಮ್ಮ ಕಾರಿನ ಕಾಯಿಲೆಯ ಮೂಲ ಇತ್ತು. ಟೈ ರಾಡಿನ ಥ್ರೆಡ್ ಒಂದು ಸುತ್ತಿಗೆ 1.5 ಮಿಲಿಮೀಟರ್ ಸರಿಯುತ್ತದೆ, ಚಕ್ರವನ್ನು ತಿರುಗಿಸುವ ತೋಳು 12 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಆಗ ಒಂದು ಸುತ್ತಿಗೆ ಟೋ ಸುಮಾರು 43 ಮಿನಿಟ್ ಬದಲಾಗುತ್ತದೆ. 34 ಮಿನಿಟ್ ಅಂದರೆ ಮುಕ್ಕಾಲು ಸುತ್ತಿಗೆ ಚೂರು ಜಾಸ್ತಿ. ಹಳೆಯ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಹಾಕುವುದು ಗ್ಯಾರೇಜುಗಳಲ್ಲಿ ರೂಢಿ. ಎಣಿಕೆ ಮುಕ್ಕಾಲು ಸುತ್ತು ತಪ್ಪಿದರೂ, ಹೊಸ ಎಂಡಿನ ಉದ್ದ ಒಂದು ಮಿಲಿಮೀಟರ್ ಬೇರೆ ಇದ್ದರೂ ಚಕ್ರ ಇಷ್ಟು ತಿರುಗಿಬಿಡುತ್ತದೆ. ಟೈ ರಾಡ್ ಎಂಡ್ ಬದಲಾಯಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಬೇಕು ಅನ್ನೋದು ಇದಕ್ಕೇ.

ಬದಲಾಗದ ಸಾಲುಗಳನ್ನೂ ಓದಬೇಕು. ಕ್ಯಾಂಬರ್ ಎಡಗಡೆ 2 ಮಿನಿಟ್, ಬಲಗಡೆ 1 ಮಿನಿಟ್ ಅತ್ತಿತ್ತ ಆಗಿದೆ. ಯಾರೂ ಅದನ್ನು ಮುಟ್ಟಿಲ್ಲ. ಗಾಡಿ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಚೂರು ಅಲುಗಾಡಿದರೂ ಇಷ್ಟು ವ್ಯತ್ಯಾಸ ಬರುತ್ತದೆ. ಬಲ ಟೋ 4ರಿಂದ 2ಕ್ಕೆ ಬಂದದ್ದೂ ಇಂಥದ್ದೇ, ಸ್ಟೀರಿಂಗನ್ನು ಮತ್ತೆ ನಡುವಿಗೆ ತಂದಾಗಿನ ಚೂರುಪಾರು ವ್ಯತ್ಯಾಸ. ಆದರೆ ಯಾರೂ ಮುಟ್ಟದ ಕ್ಯಾಂಬರ್ ಅರ್ಧ ಡಿಗ್ರಿ ಬದಲಾಗಿದ್ದರೆ ಅನುಮಾನ ಪಡಬೇಕು. ಚಕ್ರಕ್ಕೆ ಹಿಡಿಸಿದ ಕ್ಲ್ಯಾಂಪ್ ಜಾರಿರಬಹುದು. ಜಾಕ್ ಹಾಕಿ ಮೇಲೆತ್ತಿ ಇಳಿಸಿದ ಗಾಡಿಯನ್ನು ಒತ್ತಿ ಕೂರಿಸದೆ ಅಳೆದಿರಬಹುದು. ಆಗ ಪಕ್ಕದ ಟೋ ಅಂಕಿಯನ್ನೂ ನಂಬುವ ಹಾಗಿಲ್ಲ.

ಹಾಳೆಯಲ್ಲಿ ಕ್ಯಾಸ್ಟರ್ ಅಂತಲೂ ಒಂದು ಸಾಲಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಮೇಲೆ ಹೊರಳುತ್ತದೋ ಅದು ಪಕ್ಕದಿಂದ ನೋಡಿದಾಗ ಎಷ್ಟು ವಾಲಿದೆ ಅನ್ನೋದು ಇದು. ಕ್ಯಾಸ್ಟರ್ ಮಾತ್ರ ಎರಡೂ ಕಾಲಂನಲ್ಲಿ ಒಂದೇ ಅಂಕಿ ಇದ್ದರೆ ಗಾಬರಿ ಬೇಡ. ಅದನ್ನು ಅಳೆಯಲು ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಟೋ ಸರಿಪಡಿಸಿದ ಮೇಲೆ ಅದನ್ನು ಮತ್ತೆ ಮಾಡುವವರು ಕಡಿಮೆ, ಹಳೆಯ ಅಂಕಿಯೇ ಆ ಕಡೆಗೂ ಬರುತ್ತದೆ.

ನಮ್ಮ ಹಾಳೆಯಲ್ಲಿ ಹಿಂದಿನ ಎಡ ಚಕ್ರದ ಟೋ ಮೊದಲೂ ಕೆಂಪು, ಆಮೇಲೂ ಕೆಂಪು. ಇದು ಮೋಸ ಅಲ್ಲ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಒಂದೇ ಬೀಮ್ ಇರುತ್ತದೆ, ತಿರುಗಿಸಲು ಅಲ್ಲಿ ನಟ್ಟೇ ಇಲ್ಲ. ಹಿಂದಿನ ಎರಡು ಚಕ್ರ ಸೇರಿ ಗಾಡಿಯನ್ನು ಯಾವ ಕಡೆ ತಳ್ಳುತ್ತವೆ ಅನ್ನೋದು Thrust Angle ಸಾಲಿನಲ್ಲಿರುತ್ತದೆ. ನಮ್ಮದು 6 ಮಿನಿಟ್. ನಾಲ್ಕೂ ಚಕ್ರಕ್ಕೆ ಅಳತೆ ಹಿಡಿಸುವ ಮೆಷಿನ್ ಈ ದಿಕ್ಕನ್ನೇ ನಡುಗೆರೆ ಅಂದುಕೊಂಡು ಮುಂದಿನ ಚಕ್ರಗಳನ್ನು ಹೊಂದಿಸುತ್ತದೆ, ಹಾಗಾಗಿ ಸ್ಟೀರಿಂಗ್ ನೆಟ್ಟಗೆ ಬರುತ್ತದೆ.

ನಿಮ್ಮ ದೂರು "ಗಾಡಿ ಒಂದು ಕಡೆ ಎಳೆಯುತ್ತೆ" ಅಂತಿದ್ದು, ಹಾಳೆಯಲ್ಲಿ ಟೋ ಮಾತ್ರ ಬದಲಾಗಿದ್ದರೆ, ಎಳೆತ ಹೋಗುವುದು ಕಷ್ಟ. ಎಳೆತಕ್ಕೆ ಎಡಬಲದ ಕ್ಯಾಂಬರ್ ಅಥವಾ ಕ್ಯಾಸ್ಟರ್ ನಡುವಿನ ಅಂತರ ನೋಡಬೇಕು. ಕ್ಯಾಂಬರ್ ಯಾವ ಕಡೆ ಪ್ಲಸ್ ಜಾಸ್ತಿಯೋ, ಕ್ಯಾಸ್ಟರ್ ಯಾವ ಕಡೆ ಕಡಿಮೆಯೋ, ಗಾಡಿ ಆ ಕಡೆ ವಾಲುತ್ತದೆ. ನಮ್ಮದರಲ್ಲಿ ಕ್ಯಾಂಬರ್ ಅಂತರ ಬರೀ 5 ಮಿನಿಟ್, ಅದಕ್ಕೇ ಎಳೆತ ಇರಲಿಲ್ಲ. ಅಂತರ ಕಡಿಮೆ ಇದ್ದೂ ಎಳೆದರೆ ಮುಂದಿನ ಎರಡು ಟೈರ್ ಅದಲುಬದಲು ಮಾಡಿ ನೋಡಿ. ಎಳೆತದ ದಿಕ್ಕೂ ಬದಲಾದರೆ ತೊಂದರೆ ಟೈರಿನಲ್ಲೇ ಇದೆ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರಿರುತ್ತವೆ, ಎಡಕ್ಕೆ ಅಷ್ಟಿಷ್ಟು ಸರಿಯೋದು ಸಹಜ.

ಹಾಳೆಯ ಮೇಲ್ಗಡೆ ಇರುವ ಗಾಡಿಯ ಮಾಡೆಲ್ ಹೆಸರನ್ನೂ ಒಮ್ಮೆ ನೋಡಿ. ತಪ್ಪು ಮಾಡೆಲ್ ಆರಿಸಿದ್ದರೆ ಮಿತಿಗಳೂ ಬೇರೆ ಕಾರಿನವು, ಹಸಿರಿಗೆ ಬೆಲೆಯೇ ಇಲ್ಲ.

ಆರು ತಿಂಗಳ ಮೇಲೆ ಟೈರ್ ಬದಲಾಯಿಸಲು ಹೋದಾಗ ಇನ್ನೊಂದು ವರ್ಕ್‌ಶಾಪಿನಲ್ಲಿ ಮತ್ತೆ ಅಳೆಸಿದೆ, ಹಳೆಯ ಹಾಳೆ ಜೊತೆಗಿತ್ತು. ಈ ಸಲದ Before ಕಾಲಂ: ಎಡ ಪ್ಲಸ್ 3, ಬಲ ಪ್ಲಸ್ 1, ಒಟ್ಟು ಪ್ಲಸ್ 4. ಬೇರೆ ಮೆಷಿನ್, ಬೇರೆ ಕೈ, ಆದರೆ ಒಟ್ಟು ಅದೇ. ಟೈ ರಾಡ್ ಮುಟ್ಟೋದು ಬೇಡ ಅಂದೆ. ಮೆಕ್ಯಾನಿಕ್ ಎರಡೂ ಹಾಳೆ ನೋಡಿ ತಲೆಯಾಡಿಸಿ, ಕ್ಲ್ಯಾಂಪ್ ಬಿಚ್ಚಿದರು.