1792 ಮತ್ತು 1794: ಹೈಟಿ ಕ್ರಾಂತಿಯಲ್ಲಿ ನಾನು ಸಿಕ್ಕಿಹಾಕಿಕೊಂಡ ಜಾಗ

1789ರ ಆಗಸ್ಟ್ 26ರ ಫ್ರೆಂಚ್ ಹಕ್ಕುಗಳ ಘೋಷಣೆ ನಿಮಗೆ ಗೊತ್ತೇ ಇರುತ್ತದೆ. ಮನುಷ್ಯರು ಹುಟ್ಟಿನಿಂದಲೇ ಸ್ವತಂತ್ರರು, ಹಕ್ಕುಗಳಲ್ಲಿ ಸಮಾನರು ಅನ್ನುವುದು ಅದರ ಮೊದಲ ವಿಧಿ. ಈ ಮಾತು ಕೆರಿಬಿಯನ್‌ನ ಫ್ರೆಂಚ್ ವಸಾಹತು ಸಾಂ ಡೊಮಿಂಗ್ (ಇಂದಿನ ಹೈಟಿ) ತಲುಪಿದಾಗ ಏನಾಯಿತು?

ನಾನು ಎಡವಿದ್ದು ಇಲ್ಲಿ. ಸಮಾನ ಪೌರತ್ವ ಬಂದದ್ದು 1792ರಲ್ಲಿ ಅಂತ ಒಂದು ಕಡೆ ಓದಿದೆ, 1794ರಲ್ಲಿ ಅಂತ ಇನ್ನೊಂದು ಕಡೆ. ಎರಡರಲ್ಲಿ ಒಂದು ತಪ್ಪು ಅಂದುಕೊಂಡೆ. ಎರಡೂ ಸರಿ, ಆದರೆ ಬೇರೆ ಬೇರೆ ಜನರ ಬಗ್ಗೆ!

ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು 30 ಸಾವಿರದಷ್ಟು. ಇವರಿಬ್ಬರ ನಡುವೆ ಇನ್ನೊಂದು ಗುಂಪಿತ್ತು: ಗುಲಾಮರಲ್ಲದ ಕರಿಯರು ಮತ್ತು ಮಿಶ್ರ ಜನಾಂಗದವರು. ಇವರೂ ಹೆಚ್ಚುಕಡಿಮೆ ಬಿಳಿಯರಷ್ಟೇ ಇದ್ದರು. ಕೆಲವರಿಗೆ ತೋಟ, ಆಸ್ತಿ, ಸ್ವಂತ ಗುಲಾಮರೂ ಇದ್ದರು. ಈ ನಡುವಿನ ಗುಂಪನ್ನು ಮರೆತರೆ ಮುಂದಿನದು ಒಂದೂ ಅರ್ಥವಾಗುವುದಿಲ್ಲ.

1790ರ ಮಾರ್ಚ್ 28ರಂದು ಪ್ಯಾರಿಸ್‌ನಲ್ಲಿದ್ದ ಫ್ರೆಂಚ್ ರಾಷ್ಟ್ರೀಯ ಸಭೆ ವಸಾಹತುಗಳ ಮತದಾನಕ್ಕೆ ನಿಯಮ ಮಾಡಿತು. 25 ವರ್ಷ ತುಂಬಿದ, ಆಸ್ತಿ ಇರುವ ‘ಎಲ್ಲ ವ್ಯಕ್ತಿಗಳೂ’ ಮತ ಹಾಕಬಹುದು ಅಂತ ಅದರಲ್ಲಿತ್ತು. ಬಣ್ಣದ ಮಾತೇ ಇಲ್ಲ. ‘ಹಾಗಾದರೆ ನಾವು ವ್ಯಕ್ತಿಗಳಲ್ವಾ?’ ಅನ್ನುವುದು ನಡುವಿನ ಗುಂಪಿನವರ ವಾದ. ವಸಾಹತಿನ ಬಿಳಿಯರು ಒಪ್ಪಲಿಲ್ಲ. ಈ ಹಕ್ಕನ್ನು ಕೇಳಲು ಪ್ಯಾರಿಸ್‌ನಿಂದ ಮರಳಿದ, ಅದೇ ಗುಂಪಿನ ವಿನ್ಸೆಂಟ್ ಓಜೆ ಕೊನೆಗೆ ಆಯುಧ ಹಿಡಿದ. ಸೋತು ಸಿಕ್ಕಿಬಿದ್ದ. 1791ರ ಫೆಬ್ರವರಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ, ಮೂಳೆ ಮುರಿದು ಕೊಂದರು. ಅವನು ಕೇಳಿದ್ದು ತನ್ನ ಗುಂಪಿನ ಹಕ್ಕನ್ನು ಮಾತ್ರ, ಗುಲಾಮರ ಬಿಡುಗಡೆಯನ್ನಲ್ಲ. ಇದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ.

ಗುಲಾಮರು ಯಾರ ಅಪ್ಪಣೆಗೂ ಕಾಯಲಿಲ್ಲ. 1791ರ ಆಗಸ್ಟ್ 22ರ ರಾತ್ರಿ ಉತ್ತರ ಭಾಗದಲ್ಲಿ ದಂಗೆ ಎದ್ದರು. ಕಬ್ಬಿನ ತೋಟಗಳು ಹೊತ್ತಿ ಉರಿದವು. ಗಾಬರಿಯಾದ ಪ್ಯಾರಿಸ್‌ಗೆ ನಡುವಿನ ಗುಂಪಿನ ಬೆಂಬಲ ಬೇಕಾಯಿತು. ಅದಕ್ಕೇ 1792ರ ಏಪ್ರಿಲ್ 4ರ ಕಾನೂನು ಅವರಿಗೆ ಬಿಳಿಯರಷ್ಟೇ ರಾಜಕೀಯ ಹಕ್ಕು ಕೊಟ್ಟಿತು. ಗುಲಾಮಗಿರಿ ಹಾಗೇ ಉಳಿಯಿತು.

1793ರಲ್ಲಿ ಸ್ಪೇನ್ ಮತ್ತು ಬ್ರಿಟನ್ ಜೊತೆ ಯುದ್ಧ ಶುರುವಾಯಿತು. ದಂಗೆಕೋರರಲ್ಲಿ ಹಲವರು ಸ್ಪೇನ್ ಕಡೆ ಹೋದರು. ಅವರನ್ನು ಒಲಿಸಿಕೊಳ್ಳದೆ ವಸಾಹತು ಉಳಿಯುವಂತಿರಲಿಲ್ಲ. ಫ್ರೆಂಚ್ ಕಮಿಷನರ್ ಸೋಂತೊನಾಕ್ಸ್ ಆಗಸ್ಟ್ 29ರಂದು ಉತ್ತರ ಭಾಗದಲ್ಲಿ ಗುಲಾಮಗಿರಿ ರದ್ದು ಮಾಡಿದ. ಅಲ್ಲಿಂದ ಪ್ಯಾರಿಸ್‌ಗೆ ಮೂವರು ಪ್ರತಿನಿಧಿಗಳು ಹೋದರು. ಒಬ್ಬ ಬಿಳಿಯ, ಒಬ್ಬ ಮಿಶ್ರ ಜನಾಂಗದವ. ಮೂರನೆಯವನು ಝಾಂ ಬಾಪ್ಟಿಸ್ಟ್ ಬೆಲ್ಲೆ, ಆಫ್ರಿಕಾದಲ್ಲಿ ಹುಟ್ಟಿ ಗುಲಾಮನಾಗಿದ್ದವನು. ಅವನು ಸಭೆಯಲ್ಲಿ ಕುಳಿತ ಮರುದಿನವೇ, 1794ರ ಫೆಬ್ರವರಿ 4ರಂದು, ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿ ರದ್ದಾಯಿತು. ಅಲ್ಲಿ ನೆಲೆಸಿದ ಗಂಡಸರೆಲ್ಲ, ಬಣ್ಣ ಯಾವುದೇ ಇರಲಿ, ಫ್ರೆಂಚ್ ಪೌರರು. ಹೆಂಗಸರಿಗೆ ಬಿಡುಗಡೆ ಸಿಕ್ಕಿತು, ಮತದ ಹಕ್ಕು ಸಿಗಲಿಲ್ಲ.

ನನ್ನ ಸುಲಭದ ದಾರಿ ಇದು: ಪ್ರತಿ ದಿನಾಂಕದ ಪಕ್ಕ ‘ಯಾರಿಗೆ?’ ಅಂತ ಬರೆಯುತ್ತೇನೆ. 1792, ಗುಲಾಮರಲ್ಲದವರಿಗೆ. 1794, ಗುಲಾಮರಾಗಿದ್ದವರಿಗೂ. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ. ಸಾಂ ಡೊಮಿಂಗ್‌ನಲ್ಲಿ ಮಾತ್ರ ಅದು ನಡೆಯಲಿಲ್ಲ. ಅವನ ಸೈನ್ಯ ಅಲ್ಲಿ ಸೋತಿತು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.